ಹೊಸ ಅಡುಗೆಯವರಿಗೆ ವಾರದ ಊಟದ ಚೀಟಿ: ಮನೆಯಲ್ಲಿ ಶೇಂಗಾ ಆಗದ ಮಗುವಿದ್ದರೆ

ವಿಜಯಪುರದ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಡಬ್ಬಿ ಹುಡುಕುವುದು ಕಷ್ಟ. ಎಣ್ಣೆಗಾಯಿಯ ಹೂರಣದಲ್ಲಿ ಅದಿದೆ, ಅವಲಕ್ಕಿಯ ಒಗ್ಗರಣೆಯಲ್ಲಿದೆ, ರೊಟ್ಟಿಯ ಪಕ್ಕದ ಹಿಂಡಿಯಲ್ಲಿದೆ, ಹಬ್ಬದ ಹೋಳಿಗೆಯಲ್ಲೂ ಇದೆ. ಇಂಥ ಊರಿನಲ್ಲಿ ಶೇಂಗಾ ಅಲರ್ಜಿ ಇರುವ ಮಗುವಿನ ಮನೆಗೆ ಹೊಸದಾಗಿ ಅಡುಗೆಗೆ ಬಂದವರಿಗೆ 'ಹುಡುಗನಿಗೆ ಶೇಂಗಾ ಕೊಡಬೇಡಿ' ಎಂದು ಒಂದು ಮಾತಿನಲ್ಲಿ ಹೇಳಿಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ಅವರು ಹುಡುಗನ ತಟ್ಟೆಗೆ ಹಿಂಡಿ ಹಾಕುವುದಿಲ್ಲ, ನಿಜ. ಆದರೆ ಪಲ್ಯಕ್ಕೆ ಎರಡು ಚಮಚ ಶೇಂಗಾ ಪುಡಿ ಉದುರಿಸುವುದು ಅವರ ಕೈಗೆ ಹತ್ತಿದ ಅಭ್ಯಾಸ. ಅದನ್ನು ಅವರು 'ಶೇಂಗಾ ಕೊಡುವುದು' ಎಂದು ಎಣಿಸುವುದೇ ಇಲ್ಲ.

ನಮ್ಮದು ಆರು ಮಂದಿಯ ಮನೆ. ಅಜ್ಜ, ಅಜ್ಜಿ, ನಾವಿಬ್ಬರು, ಕಾಲೇಜಿಗೆ ಹೋಗುವ ನಾದಿನಿ, ಎರಡನೇ ತರಗತಿಯಲ್ಲಿರುವ ಮಗ. ಮಗನಿಗೆ ಶೇಂಗಾ ಅಲರ್ಜಿ ಇರುವುದನ್ನು ವೈದ್ಯರು ಪರೀಕ್ಷೆ ಮಾಡಿ ಖಚಿತಪಡಿಸಿದ್ದಾರೆ. ಅಜ್ಜನಿಗೆ ಸಕ್ಕರೆ ಕಾಯಿಲೆ. ಈ ಎರಡು ಸಂಗತಿಗಳ ಸುತ್ತ ನಾವು ಬರೆದ ಚೀಟಿಯನ್ನೇ ಮಾದರಿಯಾಗಿ ಇಟ್ಟುಕೊಂಡು, ಅಂಥ ಚೀಟಿಯನ್ನು ಹೇಗೆ ಬರೆಯಬೇಕು, ಹೇಗೆ ಒಪ್ಪಿಸಬೇಕು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಶೇಂಗಾ ಎಲ್ಲೆಲ್ಲಿ ಅಡಗಿದೆ ಎಂದು ಅಡುಗೆವಾರು ಬರೆಯಿರಿ

ಪದಾರ್ಥದ ಹೆಸರಿನಿಂದ ಶುರು ಮಾಡಬೇಡಿ, ಅಡುಗೆಯ ಹೆಸರಿನಿಂದ ಶುರು ಮಾಡಿ. ಅಡುಗೆಯವರು ಯೋಚಿಸುವುದು ಹಾಗೆ: 'ಇವತ್ತು ಬದನೆಕಾಯಿ, ನಾಳೆ ಸುಸಲ.' ಆದ್ದರಿಂದ ನಮ್ಮ ಭಾಗದಲ್ಲಿ ವಾಡಿಕೆಯಾಗಿ ಶೇಂಗಾ ಬೀಳುವ ಅಡುಗೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ಬದಲಿ ಏನೆಂದು ಬರೆಯಬೇಕು. ಎಣ್ಣೆಗಾಯಿ, ಅವಲಕ್ಕಿ, ಸುಸಲ, ಚುರುಮುರಿ, ಉಪವಾಸದ ಸಾಬೂದಾಣಿ ಕಿಚಡಿ, ಚಿತ್ರಾನ್ನ, ಇಡ್ಲಿ ದೋಸೆಯ ಚಟ್ನಿ, ಮೆಂತ್ಯ ಸೊಪ್ಪಿನ ಪಚಡಿ ಇವು ಪಟ್ಟಿಯಲ್ಲಿ ಇರಲೇಬೇಕು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಹಸಿ ಮೆಂತ್ಯ, ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಿ ಕಲಸಿದ ಮೇಲೆ ತಟ್ಟೆಗೆ ಬಡಿಸುವ ಹೊತ್ತಿಗೆ ಒಂದು ಚಿಟಿಕೆ ಹಿಂಡಿ ಉದುರಿಸುವ ರೂಢಿ ಇದೆ.

ಬದಲಿ ಹೇಳುವಾಗ ಶೇಂಗಾ ಆ ಅಡುಗೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ನೋಡಿ. ಎಣ್ಣೆಗಾಯಿಯಲ್ಲಿ ಅದು ರಸವನ್ನು ಗಟ್ಟಿ ಮಾಡುತ್ತದೆ, ಜಿಡ್ಡು ಬಿಡುತ್ತದೆ. ಬರೀ ಶೇಂಗಾ ತೆಗೆದರೆ ರಸ ನೀರಾಗಿ, ಬದನೆಕಾಯಿ ಒಂದು ಕಡೆ, ಖಾರ ಒಂದು ಕಡೆ ನಿಲ್ಲುತ್ತದೆ. ಆಗ ಅಡುಗೆಯವರಿಗೆ ತಮ್ಮ ಕೈಯ ಅಡುಗೆ ಕೆಟ್ಟಿತು ಎನಿಸುತ್ತದೆ. ಮರುವಾರ 'ಒಂದಿಷ್ಟು ಹಾಕಿದರೆ ಏನಾಗುತ್ತದೆ' ಎಂದು ಮನಸ್ಸು ಎಳೆಯುತ್ತದೆ. ರುಚಿ ಉಳಿಯುವ ಬದಲಿ ಕೊಟ್ಟರೆ ಆ ಎಳೆತವೇ ಹುಟ್ಟುವುದಿಲ್ಲ. ನಮ್ಮ ಚೀಟಿಯಲ್ಲಿ ಹೀಗಿದೆ: ಅರ್ಧ ಕಿಲೋ ಎಳೆಯ ಬದನೆಕಾಯಿಗೆ ಮೂರು ದೊಡ್ಡ ಚಮಚ ಗುರೆಳ್ಳು, ಎರಡು ಚಮಚ ಒಣಕೊಬ್ಬರಿ ತುರಿ, ಒಂದು ಚಮಚ ಪುಟಾಣಿ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಸದ್ದು ಬರುವವರೆಗೆ ಮಾತ್ರ ಹುರಿಯಬೇಕು, ಹೆಚ್ಚಾದರೆ ಕಹಿ. ಪುಟಾಣಿ ಪುಡಿ ಬೇಗ ಗಟ್ಟಿಯಾಗಿ ತಳ ಹಿಡಿಯುತ್ತದೆ, ಆದ್ದರಿಂದ ಬದನೆಕಾಯಿ ಮುಕ್ಕಾಲು ಬೆಂದ ಮೇಲೆ ಅದನ್ನು ನೀರಿನಲ್ಲಿ ಕದಡಿ ಹಾಕಬೇಕು.

ಸಾಬೂದಾಣಿ ಕಿಚಡಿಯಲ್ಲಿ ಶೇಂಗಾ ಪುಡಿಯ ಕೆಲಸ ಬೇರೆ. ಅದು ತೇವವನ್ನು ಹೀರಿ ಕಾಳು ಕಾಳಾಗಿ ಬಿಡಿಸುತ್ತದೆ. ಅದರ ಬದಲು ಕೊಬ್ಬರಿ ತುರಿ ಹಾಕುವುದಾದರೆ ಸಾಬೂದಾಣಿಯನ್ನು ಮುಳುಗುವಷ್ಟು ನೀರಿನಲ್ಲಿ ನೆನೆಸದೆ, ತೊಳೆದು ಅದರ ಮಟ್ಟಕ್ಕೆ ನೀರು ನಿಲ್ಲಿಸಿದರೆ ಸಾಕು. ಅವಲಕ್ಕಿ, ಸುಸಲಗಳಿಗೆ ಪುಟಾಣಿ ಸಾಕು. ರೊಟ್ಟಿಯ ಪಕ್ಕಕ್ಕೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ಇರುವಾಗ ತಟ್ಟೆ ಬರಿದಾಗುವುದಿಲ್ಲ.

ಇಲ್ಲಿ ಒಂದು ಮಾತು. ಶೇಂಗಾ ಆಗದ ಕೆಲವು ಮಕ್ಕಳಿಗೆ ಎಳ್ಳು, ಗೋಡಂಬಿ, ಬಾದಾಮಿಗಳೂ ಆಗುವುದಿಲ್ಲ. ಶೇಂಗಾ ದ್ವಿದಳ ಧಾನ್ಯಗಳ ಜಾತಿಗೆ ಸೇರಿದ್ದರೂ ಹೆಚ್ಚಿನ ಮಕ್ಕಳು ಕಡಲೆ, ಹೆಸರು, ತೊಗರಿಯನ್ನು ತೊಂದರೆಯಿಲ್ಲದೆ ತಿನ್ನುತ್ತಾರೆ. ಆದರೂ ನಿಮ್ಮ ಮಗುವಿಗೆ ಯಾವುದು ಸರಿ ಎಂಬುದನ್ನು ವೈದ್ಯರಿಂದ ಕೇಳಿಕೊಂಡೇ ಬದಲಿಯ ಪಟ್ಟಿ ಬರೆಯಿರಿ. ನಮ್ಮ ಚೀಟಿಯ ಗುರೆಳ್ಳು, ಪುಟಾಣಿ ನಮ್ಮ ಮಗನಿಗೆ ಒಗ್ಗಿದವು, ಅಷ್ಟೆ.

ಎರಡನೆಯ ಹೆಜ್ಜೆ: ಡಬ್ಬಿ, ಎಣ್ಣೆ, ಮಿಕ್ಸರ್

ಅಲರ್ಜಿ ತರುವುದು ಶೇಂಗಾದೊಳಗಿನ ಪ್ರೋಟೀನ್. ಹುರಿದರೆ, ಕುದಿಸಿದರೆ ಅದು ನಾಶವಾಗುವುದಿಲ್ಲ. ಕೆಲವು ಮಕ್ಕಳಿಗೆ ಕಣ್ಣಿಗೆ ಕಾಣದಷ್ಟು ಅಂಟಿದ್ದರೂ ಸಾಕು. ಹೀಗಾಗಿ 'ಹುಡುಗನಿಗೆ ಬೇರೆ ತೆಗೆದಿಟ್ಟು ಉಳಿದವರಿಗೆ ಶೇಂಗಾ ಹಾಕೋಣ' ಎಂಬ ಏರ್ಪಾಡು ಒಂದೇ ಚಮಚ, ಒಂದೇ ಹಂಚು ಬಳಸುವ ಮನೆಯಲ್ಲಿ ನಡೆಯುವುದಿಲ್ಲ. ನನ್ನ ಅಭಿಪ್ರಾಯ ಖಡಾಖಂಡಿತ: ಶೇಂಗಾವನ್ನು ಮನೆಯಿಂದಲೇ ಹೊರಗಿಡಿ. ಅಜ್ಜಿಗೆ ಹಿಂಡಿ ಬಿಡುವುದು ಕಷ್ಟವಾಗಿತ್ತು. ಈಗ ತವರಿಗೆ ಹೋದಾಗ ಮನಸಾರೆ ತಿಂದು, ಕೈ ಬಾಯಿ ತೊಳೆದು ಬರುತ್ತಾರೆ.

ಎಣ್ಣೆಯ ವಿಷಯ ಚೀಟಿಯಲ್ಲಿ ಪ್ರತ್ಯೇಕವಾಗಿ ಇರಲಿ. ಚೆನ್ನಾಗಿ ಶುದ್ಧೀಕರಿಸಿದ ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಉಳಿಯುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಅಡುಗೆಯವರು ಈ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕಾದ ಗೊಡವೆಯೇ ಬೇಡ ಎಂದು ನಾವು ಶೇಂಗಾ ಎಣ್ಣೆಯನ್ನೇ ಬಿಟ್ಟೆವು. ನಮ್ಮ ಸೀಮೆಯ ಕುಸುಬೆ ಎಣ್ಣೆ ಒಗ್ಗರಣೆಗೆ ಚೆನ್ನ. ಆದರೆ ಗಾಣಕ್ಕೆ ಹೋಗಿ ತರುವುದಾದರೆ ಅದೇ ಗಾಣದಲ್ಲಿ ಶೇಂಗಾವನ್ನೂ ಅರೆಯುತ್ತಾರೆಯೇ ಎಂದು ಕೇಳಿ. ಹೌದೆಂದರೆ ಆ ಎಣ್ಣೆ ಬೇಡ, ಮುಚ್ಚಿದ ಸೂರ್ಯಕಾಂತಿ ಎಣ್ಣೆಯ ಡಬ್ಬಿ ತನ್ನಿ. ಸಂತೆಯಲ್ಲಿ ತೂಕಕ್ಕೆ ಕೊಡುವ ಪುಟಾಣಿಗೂ ಇದೇ ಮಾತು. ಶೇಂಗಾ ಚೀಲದ ಪಕ್ಕದಲ್ಲಿ, ಅದೇ ಸೇರಿನಲ್ಲಿ ಅಳೆದ ಪುಟಾಣಿಯಲ್ಲಿ ಶೇಂಗಾ ಚೂರು ಸಿಗುತ್ತದೆ. ಪ್ಯಾಕೆಟ್ ತಂದರೆ ಹಿಂದಿನ ಬರಹ ಓದಬಹುದು. ಆಹಾರದ ಪ್ಯಾಕೆಟ್ ಮೇಲೆ ಶೇಂಗಾ ಇದ್ದರೆ ಅಲರ್ಜಿಯ ಸೂಚನೆ ಮುದ್ರಿಸಬೇಕು ಎಂಬ ನಿಯಮ ದೇಶದಲ್ಲಿದೆ.

ಮಿಕ್ಸರ್ ಜಾರಿನ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನೊಳಗೆ ಹಳೆಯ ಹಿಂಡಿ ಕೂತಿರುತ್ತದೆ. ಶೇಂಗಾ ಅರೆದ ಹಳೆಯ ಜಾರು, ಕಟ್ಟಿಗೆಯ ಸಟ್ಟುಗ, ಒರಳುಕಲ್ಲು ಇವನ್ನು ತೆಗೆದಿಡಿ. ಕಲ್ಲು ಮತ್ತು ಕಟ್ಟಿಗೆಯ ಸಂದುಗಳಿಂದ ಜಿಡ್ಡು ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಪಾತ್ರೆಗಳನ್ನು ಸಾಬೂನಿನಿಂದ ಉಜ್ಜಿ ತೊಳೆದರೆ ಸಾಕು.

ಇನ್ನು ಅಡುಗೆಯವರ ಕೈ. ನಮ್ಮಲ್ಲಿಗೆ ಬರುವ ಅಕ್ಕ ಅದಕ್ಕೂ ಮೊದಲು ಇನ್ನೊಂದು ಮನೆಯ ಅಡುಗೆ ಮುಗಿಸಿ ಬರುತ್ತಾರೆ. ಅಲ್ಲಿ ಶೇಂಗಾ ಕುಟ್ಟಿರಬಹುದು. ಬಂದ ಕೂಡಲೇ ಮೊಳಕೈವರೆಗೆ ಸಾಬೂನಿನಿಂದ ಕೈ ತೊಳೆಯುವುದು, ನಮ್ಮ ಮನೆಯಲ್ಲೇ ಇಟ್ಟಿರುವ ಏಪ್ರನ್ ಕಟ್ಟಿಕೊಳ್ಳುವುದು ಎಂದು ಚೀಟಿಯ ಮೊದಲ ಸಾಲಿನಲ್ಲೇ ಬರೆದಿದ್ದೇವೆ. ಬರೀ ನೀರಿನಿಂದಾಗಲಿ, ಸ್ಯಾನಿಟೈಸರಿನಿಂದಾಗಲಿ ಶೇಂಗಾದ ಅಂಶ ಸರಿಯಾಗಿ ಹೋಗುವುದಿಲ್ಲ. ಇದನ್ನು ಅವರಿಗೆ ಹೇಳುವಾಗ ಕಾರಣವನ್ನೂ ಹೇಳಿ. ಕಾರಣ ಹೇಳದೆ 'ಕೈ ತೊಳೆದು ಬನ್ನಿ' ಎಂದರೆ ಅದು ಅವರಿಗೆ ಬೇರೆ ರೀತಿಯಲ್ಲಿ ಚುಚ್ಚುತ್ತದೆ, ಚುಚ್ಚುವುದು ನ್ಯಾಯವೇ. ಮಗುವಿನ ಉಸಿರಿನ ಮಾತು ಎಂದು ತಿಳಿದ ಮೇಲೆ ನಮ್ಮ ಅಕ್ಕ ಒಂದು ದಿನವೂ ಮರೆತಿಲ್ಲ.

ಮೂರನೆಯ ಹೆಜ್ಜೆ: ಹೊತ್ತು

ಹೊತ್ತಿನ ಪಟ್ಟಿಯನ್ನು ಗಡಿಯಾರದಿಂದ ಶುರು ಮಾಡದೆ, ತಪ್ಪಿದರೆ ತೊಂದರೆಯಾಗುವ ಹೊತ್ತು ಯಾವುದು ಎಂಬುದರಿಂದ ಶುರು ಮಾಡಿ. ನಮ್ಮಲ್ಲಿ ಅಂಥವು ಎರಡು. ಅಜ್ಜ ಬೆಳಿಗ್ಗೆ ಮಾತ್ರೆ ತೆಗೆದುಕೊಂಡ ಮೇಲೆ ನಾಷ್ಟಾ ತಡವಾಗಬಾರದು. ಸಕ್ಕರೆಯ ಕೆಲವು ಮಾತ್ರೆಗಳು ಹೊಟ್ಟೆಗೆ ಏನೂ ಬೀಳದಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಆಗ ಬೆವರು, ಕೈನಡುಕ, ತಡವರಿಸುವ ಮಾತು ಕಾಣಿಸುತ್ತವೆ. ಆದ್ದರಿಂದ ಕ್ರಮವನ್ನು ತಿರುಗಿಸಿ ಬರೆದಿದ್ದೇವೆ: ನಾಷ್ಟಾ ಒಲೆಯಿಂದ ಇಳಿಯುವ ಹೊತ್ತಿಗೆ ಅಕ್ಕ ಕೂಗಿ ಹೇಳುತ್ತಾರೆ, ಅದಾದ ಮೇಲೆಯೇ ಅಜ್ಜ ಮಾತ್ರೆ ನುಂಗುತ್ತಾರೆ. ಅಕ್ಕ ಬರುವುದು ತಡವಾದ ದಿನ ಮಾತ್ರೆಯೂ ತಡವಾಗುತ್ತದೆ, ಅನಾಹುತ ಆಗುವುದಿಲ್ಲ. ಇದಕ್ಕೆ ನಿಮ್ಮ ವೈದ್ಯರ ಒಪ್ಪಿಗೆ ಪಡೆಯಿರಿ. ಸಕ್ಕರೆ ಇಳಿದ ಗುರುತು ಕಂಡರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸುವುದು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದಿರುವುದು ಎಂಬ ಸಾಲೂ ಅಲ್ಲಿದೆ.

ಎರಡನೆಯದು ಮಗನ ಶಾಲೆಯ ಡಬ್ಬಿ. ಎಂಟು ಗಂಟೆಗೆ ಬಸ್ಸು, ಏಳೂಮುಕ್ಕಾಲಿಗೆ ಡಬ್ಬಿ ಮುಚ್ಚಿರಬೇಕು. ಡಬ್ಬಿಯನ್ನು ತುಂಬುವವರು ಯಾವಾಗಲೂ ಒಬ್ಬರೇ ಆಗಿರಲಿ, ನಮ್ಮಲ್ಲಿ ಅದು ನಾನು. ಅಕ್ಕ ಬೇಯಿಸಿ ಪಾತ್ರೆಯಲ್ಲಿ ಇಡುತ್ತಾರೆ.

ಉಳಿದ ಹೊತ್ತುಗಳು ಅತ್ತಿತ್ತ ಆದರೆ ನಡೆಯುತ್ತದೆ: ಮಧ್ಯಾಹ್ನ ಒಂದಕ್ಕೆ ಊಟ, ನಾಲ್ಕೂವರೆಗೆ ಚಹಾ, ರಾತ್ರಿ ಎಂಟಕ್ಕೆ ಊಟ. ಅಕ್ಕ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆ, ಸಂಜೆ ಆರರಿಂದ ಏಳೂವರೆವರೆಗೆ ಇರುತ್ತಾರೆ. ಮಧ್ಯಾಹ್ನದ ರೊಟ್ಟಿಯನ್ನು ಬೆಳಿಗ್ಗೆಯೇ ಬಡಿದಿಡಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಪಲ್ಯ ಹೊರಗಿಟ್ಟರೆ ಮಧ್ಯಾಹ್ನಕ್ಕೆ ಹಳಸುತ್ತದೆ, ಆದ್ದರಿಂದ ಆರಿದೊಡನೆ ಫ್ರಿಜ್ಜಿಗೆ.

ನಾಲ್ಕನೆಯ ಹೆಜ್ಜೆ: ಯಾರಿಗೆ ಏನು ಇಷ್ಟ

ಇಷ್ಟಾನಿಷ್ಟಗಳನ್ನು ಅಲರ್ಜಿಯ ಹಾಳೆಯಲ್ಲಿ ಬರೆಯಬೇಡಿ. ಎರಡನ್ನೂ ಕೂಡಿಸಿ ಬರೆದರೆ 'ಹುಡುಗನಿಗೆ ಶೇಂಗಾ ಬೇಡ, ಹಾಗಲಕಾಯಿ ಬೇಡ' ಎಂಬ ಸಾಲಿನಲ್ಲಿ ಎರಡೂ ಒಂದೇ ತೂಕದವಾಗುತ್ತವೆ. ಒಂದು ಹಟ, ಇನ್ನೊಂದು ಜೀವದ ಮಾತು. ಅಲರ್ಜಿಗೆ ಕೆಂಪು ಹಾಳೆ, ಇಷ್ಟಕ್ಕೆ ಬಿಳಿ ಹಾಳೆ.

ಬಿಳಿ ಹಾಳೆಯಲ್ಲಿ ಅಡುಗೆಯವರು ಕೈಯಲ್ಲಿ ಮಾಡಿ ತೋರಿಸಬಹುದಾದ ಮಾತುಗಳೇ ಇರಲಿ. 'ಅಜ್ಜನಿಗೆ ಮೆತ್ತಗಿನ ಊಟ ಇಷ್ಟ' ಎಂದರೆ ಏನೂ ತಿಳಿಯುವುದಿಲ್ಲ. 'ಅಜ್ಜನಿಗೆ ಕಟ್ಟಿಸಿದ ಹಲ್ಲು, ರೊಟ್ಟಿ ತೆಳುವಾಗಿ ಬಡಿದು ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿಡಿ, ಖಡಕ್ ರೊಟ್ಟಿ ಬೇಡ' ಎಂದರೆ ತಿಳಿಯುತ್ತದೆ. ಅಜ್ಜನಿಗೆ ಊಟಕ್ಕೆ ಎರಡೇ ರೊಟ್ಟಿ ಎಂದೂ ಬರೆದಿದ್ದೇವೆ. ಜೋಳದ ರೊಟ್ಟಿಯಿಂದ ಸಕ್ಕರೆ ಏರುವುದಿಲ್ಲ ಎಂದು ನಂಬಿ ಅಕ್ಕರೆಯಿಂದ ನಾಲ್ಕು ಹಾಕುವವರಿದ್ದಾರೆ. ಜೋಳದಲ್ಲೂ ಪಿಷ್ಟವಿದೆ, ಲೆಕ್ಕ ಬೇಕು. ಅಜ್ಜಿಗೆ ಸೋಮವಾರ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ. ನಾದಿನಿಗೆ ಖಾರ ಜಾಸ್ತಿ, ಅವಳು ಕೆಂಪು ಖಾರ ಮೇಲಿಂದ ಹಚ್ಚಿಕೊಳ್ಳುತ್ತಾಳೆ. ನಮ್ಮಿಬ್ಬರದು ವಿಶೇಷವೇನಿಲ್ಲ.

ಐದನೆಯ ಹೆಜ್ಜೆ: ವಾರ

ವಾರದ ಅಡುಗೆ ಬರೆಯುವಾಗ ಶೇಂಗಾ ಬೀಳುವ ರೂಢಿಯ ಅಡುಗೆಗಳನ್ನು ಮೊದಲ ವಾರ ಆದಷ್ಟು ಬಿಡಿ. ಹೊಸಬರ ಕೈ ಮನೆಗೆ ಒಗ್ಗುವವರೆಗೆ ಸುರಕ್ಷಿತ ಅಡುಗೆಗಳೇ ಇರಲಿ. ಎರಡನೆಯ ವಾರದಿಂದ ನಮ್ಮ ಚೀಟಿ ಹೀಗಿದೆ, ಅಕ್ಕನಿಗೆ ಬರೆದ ಮಾತಿನಲ್ಲೇ ಕೊಡುತ್ತೇನೆ:

ಅಕ್ಕನವರೇ, ಸೋಮವಾರ ನಾಷ್ಟಾಕ್ಕೆ ಉಪ್ಪಿಟ್ಟು, ಒಗ್ಗರಣೆಗೆ ಕಡಲೆಬೇಳೆ ಉದ್ದಿನಬೇಳೆ ಮಾತ್ರ. ಮಧ್ಯಾಹ್ನಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ. ಅಜ್ಜಿಯದು ಒಪ್ಪತ್ತು, ಅವರಿಗೆ ಕೊಬ್ಬರಿ ಹಾಕಿದ ಸಾಬೂದಾಣಿ ಕಿಚಡಿ ಒಂದು ಬಟ್ಟಲು. ರಾತ್ರಿ ಎಲ್ಲರಿಗೂ ಅನ್ನ, ಬೇಳೆ ಸಾರು, ಉಳ್ಳಾಗಡ್ಡಿ ಬೇಡ.

ಮಂಗಳವಾರ ಅವಲಕ್ಕಿ, ಪುಟಾಣಿ ನೀಲಿ ಡಬ್ಬಿಯದೇ ಹಾಕಿರಿ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು. ರಾತ್ರಿ ಚಪಾತಿ, ಮಡಿಕಿಕಾಳು.

ಬುಧವಾರ ಥಾಲಿಪಟ್ಟು, ಮೊಸರು. ಮಧ್ಯಾಹ್ನ ಗುರೆಳ್ಳಿನ ಎಣ್ಣೆಗಾಯಿ, ರೊಟ್ಟಿ. ಅಳತೆ ಕೆಂಪು ಹಾಳೆಯಲ್ಲಿದೆ. ರಾತ್ರಿ ಜೋಳದ ನುಚ್ಚು, ಮಜ್ಜಿಗೆ. ಅಜ್ಜನಿಗೆ ನುಚ್ಚು ಒಂದೇ ಸಟ್ಟುಗ, ಜೊತೆಗೆ ಪಲ್ಯ ಹೆಚ್ಚು.

ಗುರುವಾರ ಇಡ್ಲಿ, ಹಸಿಕೊಬ್ಬರಿ ಪುಟಾಣಿ ಚಟ್ನಿ. ಮಧ್ಯಾಹ್ನ ರೊಟ್ಟಿ, ಮೆಂತ್ಯ ಪಲ್ಯ. ರಾತ್ರಿ ಕಿಚಡಿ.

ಶುಕ್ರವಾರ ಸುಸಲ. ಮಂಡಕ್ಕಿ ನಾವು ತಂದದ್ದೇ ಇರಲಿ, ಅಂಗಡಿಯ ಚುರುಮುರಿ ತರಬೇಡಿ. ಮಧ್ಯಾಹ್ನ ಜುಣಕ, ರೊಟ್ಟಿ, ಸೌತೆಕಾಯಿ ಪಚಡಿ. ಪಚಡಿಗೆ ಅಗಸಿ ಹಿಂಡಿ. ರಾತ್ರಿ ಚಪಾತಿ, ಬೆಂಡೆಕಾಯಿ.

ಶನಿವಾರ ಹುಡುಗನಿಗೆ ಅರ್ಧ ದಿನ ಶಾಲೆ, ಡಬ್ಬಿ ಇಲ್ಲ. ದೋಸೆ. ಮಧ್ಯಾಹ್ನ ರೊಟ್ಟಿ, ಬೇಳೆಯ ಕಟ್ಟಿನ ಸಾರು, ಅನ್ನ. ರಾತ್ರಿ ಉಳಿದದ್ದನ್ನು ನೋಡಿಕೊಳ್ಳೋಣ.

ಭಾನುವಾರ ನೀವು ಬೆಳಿಗ್ಗೆ ಮಾತ್ರ ಬನ್ನಿರಿ. ಗೋಧಿ ಹುಗ್ಗಿ, ಅದಕ್ಕೆ ಕೊಬ್ಬರಿ ಗಸಗಸೆ ಸಾಕು. ಅಜ್ಜನಿಗೆ ಬೆಲ್ಲ ಹಾಕುವ ಮೊದಲೇ ತೆಗೆದಿಡಿ.

ಆರನೆಯ ಹೆಜ್ಜೆ: ತೊಂದರೆಯಾದರೆ

ಅಡುಗೆಯವರೊಬ್ಬರೇ ಮಗುವಿನ ಜೊತೆ ಇರುವ ಹೊತ್ತು ಬಂದೇ ಬರುತ್ತದೆ. ಕೆಂಪು ಹಾಳೆಯ ಕೆಳಭಾಗ ಅದಕ್ಕೆ ಮೀಸಲು. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಮೇಲೆ ತುರಿಸುವ ದದ್ದು, ತುಟಿ ಕಣ್ಣು ಬಾವು, ವಾಂತಿ ಬಂದರೆ ಆಗಲೇ ಫೋನ್ ಮಾಡಬೇಕು. ಬಿಡದ ಕೆಮ್ಮು, ಉಸಿರಿನಲ್ಲಿ ಸಿಳ್ಳೆ, ಗೊಗ್ಗರು ಧ್ವನಿ, ನುಂಗಲು ಕಷ್ಟ, ಮಂಪರು ಇವುಗಳಲ್ಲಿ ಒಂದು ಕಂಡರೂ ಕಾಯುವಂತಿಲ್ಲ, 108ಕ್ಕೆ ಕರೆ ಮಾಡಬೇಕು. ವೈದ್ಯರು ಅಡ್ರಿನಲಿನ್ ಚುಚ್ಚುಮದ್ದು ಬರೆದುಕೊಟ್ಟಿದ್ದರೆ ಅದನ್ನು ತೊಡೆಯ ಹೊರಬದಿಗೆ ಕೊಡುವ ಬಗೆಯನ್ನು ಆಸ್ಪತ್ರೆಯಲ್ಲೇ ಅಡುಗೆಯವರಿಗೂ ತೋರಿಸಿಕೊಳ್ಳಿ. ಅಲರ್ಜಿಯ ಸಿರಪ್ ತುರಿಕೆ ಇಳಿಸುತ್ತದೆ, ಉಸಿರು ಕಟ್ಟುವುದನ್ನು ತಡೆಯುವುದಿಲ್ಲ. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಿಗೆ ಕಷ್ಟವಿದ್ದರೆ ಕೂರಿಸಬೇಕು, ನಡೆಸಬಾರದು. ಮಜ್ಜಿಗೆ, ನಿಂಬೆರಸ ಕುಡಿಸುವುದು, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡವೇ ಬೇಡ. ಚುಚ್ಚುಮದ್ದಿನಿಂದ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಮೇಲೆ ಅದು ಮತ್ತೆ ಮರುಕಳಿಸಬಹುದು.

ಒಪ್ಪಿಸುವುದು ಹೇಗೆ

ಚೀಟಿಯನ್ನು ಕೈಗೆ ಕೊಟ್ಟು ಸುಮ್ಮನಾಗಬೇಡಿ. ಓದು ಬಾರದವರೂ ಒಳ್ಳೆಯ ಅಡುಗೆ ಮಾಡುತ್ತಾರೆ, 'ಓದಲು ಬರುತ್ತದೆಯೇ' ಎಂದು ಕೇಳಿ ಅವರನ್ನು ಮುಜುಗರಕ್ಕೆ ಒಡ್ಡುವುದೂ ಬೇಡ. ಒಲೆಯ ಪಕ್ಕ ನಿಂತು ಓದಿ ಹೇಳಿ, ಡಬ್ಬಿಗಳನ್ನು ಮುಟ್ಟಿ ತೋರಿಸಿ. ಆಮೇಲೆ ಅವರ ಬಾಯಿಂದ ಕೇಳಿ. 'ತಿಳಿಯಿತೇ' ಎಂದರೆ ಯಾರಾದರೂ ಹೌದು ಎನ್ನುತ್ತಾರೆ. 'ಬುಧವಾರದ ಎಣ್ಣೆಗಾಯಿ ಹೇಗೆ ಮಾಡುತ್ತೀರಿ ಅಕ್ಕಾ' ಎಂದು ಕೇಳಿದರೆ ಎಲ್ಲಿ ಮರೆತಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಮೊದಲ ವಾರ ಒಂದೆರಡು ಹೊತ್ತು ಜೊತೆಗೆ ನಿಲ್ಲಿ. ಅವರು ರುಚಿ ನೋಡಿದ ಚಮಚ ಮತ್ತೆ ಪಾತ್ರೆಗೆ ಹೋಗುತ್ತದೆಯೇ, ತಮ್ಮ ಮನೆಯಿಂದ ತಂದ ಬುತ್ತಿಯನ್ನು ಎಲ್ಲಿ ಬಿಚ್ಚುತ್ತಾರೆ ಎಂದು ಗಮನಿಸಿ. ಬುತ್ತಿಯಲ್ಲಿ ಶೇಂಗಾ ಹಿಂಡಿ ಇದ್ದೇ ಇರುತ್ತದೆ. ಅವರಿಗೆ ನಾಷ್ಟಾ ನಮ್ಮಲ್ಲೇ ಎಂದು ಮೊದಲ ದಿನವೇ ಹೇಳಿದರೆ ಬುತ್ತಿಯ ಪ್ರಶ್ನೆ ಬರುವುದಿಲ್ಲ, ಹೊಟ್ಟೆಯೂ ತಂಪಾಗಿರುತ್ತದೆ.

ಹಬ್ಬಗಳಿಗೆ ಬೇರೆ ಸಾಲು ಬೇಕು. ಎಳ್ಳ ಅಮಾವಾಸ್ಯೆ, ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ನೆರೆಹೊರೆಯಿಂದ ಶೇಂಗಾ ಹೋಳಿಗೆ, ಎಳ್ಳುಬೆಲ್ಲ, ಉಂಡಿ ಬರುತ್ತಲೇ ಇರುತ್ತವೆ. ತಂದವರ ಮುಖಕ್ಕೆ ಬೇಡ ಎನ್ನಲು ಅಡುಗೆಯವರಿಗೆ ಆಗುವುದಿಲ್ಲ, ಆ ಭಾರ ಅವರ ಮೇಲೆ ಹಾಕಬಾರದು. ಅದಕ್ಕೆ ಬಾಗಿಲ ಪಕ್ಕ ಮುಚ್ಚಳದ ಬುಟ್ಟಿಯೊಂದನ್ನು ಇಟ್ಟಿದ್ದೇವೆ. ಬಂದದ್ದನ್ನು ನಗುಮುಖದಿಂದ ಪಡೆದು, ಬಿಚ್ಚದೆ ಬುಟ್ಟಿಗೆ ಹಾಕಿ, ಕೈ ತೊಳೆದು ಒಲೆಯ ಬಳಿಗೆ ಹೋಗುವುದು. ಸಂಜೆ ಹೊರಡುವಾಗ ಬುಟ್ಟಿಯಲ್ಲಿರುವುದನ್ನು ಅಕ್ಕ ತಮ್ಮ ಮಕ್ಕಳಿಗೆ ಒಯ್ಯುತ್ತಾರೆ.